ಎರಡೂವರೆ ವರ್ಷ ಬಳಸಿದ ಮೇಲೆ: ನಾಲ್ಕು ನಕ್ಷತ್ರ, ಐದನೆಯದನ್ನು ಏಕೆ ತಡೆದಿದ್ದೇನೆ

ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿದೆ. ತಮ್ಮ ನ್ಯೂಜೆರ್ಸಿಯಲ್ಲಿದ್ದಾನೆ, ತಂಗಿ ಲಂಡನ್ನಿನಲ್ಲಿ, ಚಿಕ್ಕಪ್ಪನ ಮಗ ಮಸ್ಕತ್ತಿನಲ್ಲಿ. ಊರಿನಲ್ಲಿ ಉಳಿದವರು ನಾನು ಮತ್ತು ಅಮ್ಮ. ಹುಟ್ಟುಹಬ್ಬ, ವಾರದ ವಿಡಿಯೊ ಕರೆ, ಮನೆ ರಿಪೇರಿಯ ಲೆಕ್ಕ, ಎಲ್ಲವೂ ಒಂದೇ ಕಡೆ ಇರಲಿ ಎಂದು 2023ರ ಜೂನ್‌ನಲ್ಲಿ ಈ ಆ್ಯಪ್ ಹಾಕಿಕೊಂಡೆವು. ಕನ್ನಡ ಚೆನ್ನಾಗಿದೆ, ಅಕ್ಷರ ದೊಡ್ಡದು, ಅಮ್ಮನಿಗೂ ಓದಲು ಬರುತ್ತದೆ. ಅದರ ಬಗ್ಗೆ ಬೇರೆ ಬಳಕೆದಾರರು ಬರೆದಿದ್ದಾರೆ. ಬೆಂಗಳೂರಿನಲ್ಲಿ ಹನ್ನೆರಡು ವರ್ಷ ಸಂಬಳದ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ ಮಾಡಿ ಊರಿಗೆ ಮರಳಿದವಳು ನಾನು, ಹಾಗಾಗಿ ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ.

ನಮ್ಮಲ್ಲಿ ವಾರಕ್ಕೆ ಎರಡು ಕರೆಗಳಿವೆ. ಭಾನುವಾರ ಸಂಜೆ ಏಳೂವರೆಗೆ, ಅಮ್ಮ ದೇವರಿಗೆ ದೀಪ ಹಚ್ಚಿ ಬಂದ ಮೇಲೆ, ಎಲ್ಲರೂ ಅಮ್ಮನ ಜೊತೆ ಮಾತನಾಡುತ್ತಾರೆ. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ, ಅಂದರೆ ನ್ಯೂಜೆರ್ಸಿಯ ಒಂಬತ್ತಕ್ಕೆ, ತಮ್ಮನ ಮಗಳಿಗೆ ನಾನು ಕನ್ನಡ ಕಲಿಸುತ್ತೇನೆ. ಹತ್ತು ಗಂಟೆಗೆ ಅವಳಿಗೆ ಈಜಿನ ತರಗತಿ. ಜನವರಿಯಲ್ಲಿ ಪಾಠ ಆರಂಭಿಸಿದಾಗ ನ್ಯೂಜೆರ್ಸಿಯ ಒಂಬತ್ತು ಎಂದರೆ ನಮಗೂ ಸಂಜೆ ಏಳೂವರೆಯೇ. ಎರಡು ಕರೆಗಳೂ ನೋಡಲು ಅವಳಿ ಮಕ್ಕಳಂತೆ ಇದ್ದವು.

2025ರ ಮಾರ್ಚ್ 9ರಂದು ಅಮೆರಿಕದಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದರು. 15ರ ಶನಿವಾರ ಆ್ಯಪ್ ನನ್ನನ್ನು ಎಂದಿನಂತೆ ಏಳೂವರೆಗೆ ಕೂಗಿತು. ಕಾಗುಣಿತದ ಹಾಳೆ ಹಿಡಿದು ಕುಳಿತೆ, ಆ ಕಡೆ ಯಾರೂ ಇಲ್ಲ. ಮಗು ತನ್ನ ಮನೆಯ ಗೋಡೆ ಗಡಿಯಾರ ನೋಡಿ ಒಂಬತ್ತಕ್ಕೇ ಬಂದು ಕುಳಿತಿತ್ತು, ಆಗ ನಮಗೆ ಆರೂವರೆ. ಕಾದು ಕಾದು ಈಜಲು ಹೋಯಿತು. ಮರುದಿನ ಅಮ್ಮನ ಕರೆಯಲ್ಲಿ ಮೊದಲ ಮಾತೇ, “ಅತ್ತೆ, ನಿನ್ನೆ ನೀವು ಬರಲೇ ಇಲ್ಲ.”

ಆದರೆ ಅದೇ ಭಾನುವಾರದ ಕರೆ ಸರಿಯಾಗಿಯೇ ನಡೆದಿತ್ತು. ಹಾಗಾಗಿ ತಮ್ಮನು ತಪ್ಪನ್ನು ನನ್ನ ಮೊಬೈಲ್ ಮೇಲೆ ಹಾಕಿದ. ಆ್ಯಪ್‌ನಲ್ಲಿ ನಮ್ಮ ಮಾಹಿತಿಯನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ, ತೆರೆದು ನೋಡಿದೆ. ಶನಿವಾರದ ಪಾಠ ಹೀಗೆ ದಾಖಲಾಗಿತ್ತು:

```
2025-01-11T14:00:00Z  weekly
```

ಕೊನೆಯ Z ಎಂದರೆ ಯುಟಿಸಿ, ಇಡೀ ಜಗತ್ತಿಗೆ ಒಂದೇ ಆದ ಗಡಿಯಾರ. ನಮ್ಮ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿದೆ, ವರ್ಷಪೂರ್ತಿ ಅಷ್ಟೇ. ನ್ಯೂಜೆರ್ಸಿ ಚಳಿಗಾಲದಲ್ಲಿ ಐದು ಗಂಟೆ ಹಿಂದೆ, ಬೇಸಿಗೆಯಲ್ಲಿ ನಾಲ್ಕೇ ಗಂಟೆ ಹಿಂದೆ. ತಮ್ಮ “ಒಂಬತ್ತು ಗಂಟೆ” ಎಂದು ಬರೆದದ್ದನ್ನು ಆ್ಯಪ್ ಜನವರಿಯ ಲೆಕ್ಕದಲ್ಲಿ ಯುಟಿಸಿಗೆ ತಿರುಗಿಸಿ, ಒಂಬತ್ತು ಎಂಬುದನ್ನೇ ಮರೆತುಬಿಟ್ಟಿತ್ತು. ಭಾನುವಾರದ ಕರೆಯನ್ನೂ ಹಾಗೆಯೇ ಇಟ್ಟಿತ್ತು. ನಮ್ಮಲ್ಲಿ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲವಾದ್ದರಿಂದ ಅದು ಕೆಡಲಿಲ್ಲ, ಅಷ್ಟೇ.

ನಡೆದುಹೋದ ಸಂಗತಿಗೆ ಯುಟಿಸಿ ಸಾಕು. ಹಣ ಯಾವಾಗ ಜಮೆಯಾಯಿತು, ಸಂದೇಶ ಯಾವಾಗ ಬಂತು, ಇವು ಬದಲಾಗುವುದಿಲ್ಲ. ಮುಂದೆ ನಡೆಯಬೇಕಾದದ್ದು ಮಾತ್ರ ಯಾವುದೋ ಒಂದು ಊರಿನ ಗೋಡೆ ಗಡಿಯಾರಕ್ಕೆ ಸೇರಿದ್ದು. ಅದನ್ನು ಇಡುವಾಗ ಅಲ್ಲಿನ ಗಂಟೆಯನ್ನೂ ಸಮಯ ವಲಯದ ಹೆಸರನ್ನೂ ಇಡಬೇಕು, ಯುಟಿಸಿಯನ್ನು ಪ್ರತಿ ವಾರ ಹೊಸದಾಗಿ ಲೆಕ್ಕ ಹಾಕಬೇಕು. “ಐದು ಗಂಟೆ ಹಿಂದೆ” ಎಂದು ಅಂತರವನ್ನು ಬರೆದಿಟ್ಟರೂ ಇದೇ ಗತಿ, ಏಕೆಂದರೆ ಅಂತರವೇ ಬದಲಾಗುತ್ತದೆ. ಇಷ್ಟನ್ನು ತಯಾರಕರಿಗೆ ಮಿಂಚಂಚೆಯಲ್ಲಿ ಬರೆದೆ. ಮೇ ತಿಂಗಳ ಆವೃತ್ತಿಯಲ್ಲಿ ಅದೇ ಸಾಲು, ನ್ಯೂಜೆರ್ಸಿಗೂ ಅನ್ವಯಿಸುವ ನ್ಯೂಯಾರ್ಕ್ ವಲಯದ ಹೆಸರಿನೊಂದಿಗೆ, ಹೀಗಾಯಿತು:

```
2025-01-11T09:00  America/New_York  weekly
```

ಈಗ ಹೊಸ ಕರೆ ಸೇರಿಸುವಾಗ “ಯಾರ ಗಡಿಯಾರದ ಪ್ರಕಾರ?” ಎಂದು ಆ್ಯಪ್ ಕೇಳುತ್ತದೆ. ಈ ಒಂದು ಪ್ರಶ್ನೆಗೇ ನಾನು ಎರಡು ನಕ್ಷತ್ರ ಕೊಡುತ್ತೇನೆ. ನೀವು ಬೇರೆ ಆ್ಯಪ್ ಬಳಸುತ್ತಿದ್ದರೆ ಮಾರ್ಚ್‌ವರೆಗೆ ಕಾಯಬೇಕಾಗಿಲ್ಲ: ಅಮೆರಿಕದ ಮೊಬೈಲಿನಿಂದ ಫೆಬ್ರುವರಿಯಲ್ಲಿ ವಾರದ ಕರೆಯೊಂದನ್ನು ಹಾಕಿ, ಏಪ್ರಿಲ್ ಪುಟ ತಿರುವಿ ನೋಡಿ. ಅಲ್ಲಿ ಒಂಬತ್ತು ಹತ್ತಾಗಿದ್ದರೆ ರೋಗ ಇದೆ. ಲಂಡನ್ನಿನ ತಂಗಿಯನ್ನೂ ಸೇರಿಸಿಕೊಳ್ಳಿ. ಅಲ್ಲಿ ಗಡಿಯಾರ ತಿರುಗಿದ್ದು ಮಾರ್ಚ್ 30ಕ್ಕೆ, ನಡುವಿನ ಮೂರು ವಾರ ಲಂಡನ್ನಿಗೂ ನ್ಯೂಜೆರ್ಸಿಗೂ ಅಂತರ ಐದು ಗಂಟೆಯ ಬದಲು ನಾಲ್ಕೇ.

ದಿನಾಂಕದ ಕಥೆ ಇದರ ತಿರುವುಮುರುವು. ಅಮ್ಮನ ಹುಟ್ಟುಹಬ್ಬ ಮೇ 12. ಅದಕ್ಕೆ ಗಂಟೆಯೂ ಇಲ್ಲ, ವಲಯವೂ ಇಲ್ಲ, ಎಲ್ಲಿದ್ದರೂ 12. ಹಳೆಯ ಆವೃತ್ತಿ ಅದನ್ನು ನಮ್ಮ ಮಧ್ಯರಾತ್ರಿಯ ಕ್ಷಣವಾಗಿ ಇಟ್ಟುಕೊಂಡಿತ್ತು. ಆ ಕ್ಷಣದಲ್ಲಿ ನ್ಯೂಜೆರ್ಸಿಯಲ್ಲಿ ಇನ್ನೂ 11ರ ಮಧ್ಯಾಹ್ನ, ಹಾಗಾಗಿ ತಮ್ಮ 2024ರಲ್ಲಿ ಒಂದು ದಿನ ಮುಂಚೆಯೇ ಶುಭಾಶಯ ಹೇಳಿದ. ಅಮ್ಮನಿಗೆ ಬೇಸರವಾಗಲಿಲ್ಲ, ಎರಡು ದಿನ ಪಾಯಸ ಮಾಡಿಸಿದಳು. 05/04 ಎಂಬುದು ನಮಗೆ ಏಪ್ರಿಲ್ 5, ಅಮೆರಿಕದವರಿಗೆ ಮೇ 4. ಈಗ ಆ್ಯಪ್ ತಿಂಗಳನ್ನು ಅಕ್ಷರದಲ್ಲೇ ಬರೆಯುತ್ತದೆ, ಜಗಳ ಮುಗಿಯಿತು.

ಹಣದಲ್ಲಿ ನಮಗೆ ಪೆಟ್ಟು ಬಿದ್ದದ್ದು ಮಾಡಿನ ಕೆಲಸದಲ್ಲಿ. ಪಕಾಸು, ರೀಪು ಬದಲಿಸಿ ಹೆಂಚು ಹೊದಿಸಲು ಮೂವರೂ ಹಣ ಕಳುಹಿಸಿದರು. ಆ್ಯಪ್ ಡಾಲರನ್ನು ಮಾತ್ರ ಇಟ್ಟುಕೊಂಡು, ತೆರೆದಾಗಲೆಲ್ಲ ಅಂದಿನ ದರದಲ್ಲಿ ರೂಪಾಯಿ ತೋರಿಸುತ್ತಿತ್ತು. ಲೆಕ್ಕಕ್ಕೆ ಸುಲಭವಾಗಲೆಂದು ದರ 85 ಎನ್ನೋಣ: 500 ಡಾಲರ್ ಎಂದರೆ 42,500. ದರ 86 ಆದ ದಿನ ಅದೇ ಹಣ 43,000. ಬಡಗಿಗೆ ಕೊಟ್ಟು ತಿಂಗಳಾದ ಮೇಲೂ ನನ್ನ ಕೈಯಲ್ಲಿ ಐನೂರು ರೂಪಾಯಿ ಉಳಿದಂತೆ ಲೆಕ್ಕ ತೋರಿಸಿದರೆ ಮನೆಯವರು ಏನೆಂದುಕೊಳ್ಳಬೇಕು? ಈಗ ಕಳುಹಿಸಿದ ಮೊತ್ತ, ಆ ದಿನದ ದರ, ಶುಲ್ಕ ಕಳೆದು ಖಾತೆಗೆ ಬಂದ ರೂಪಾಯಿ, ಮೂರನ್ನೂ ಬೇರೆ ಬೇರೆ ಬರೆದಿಡಬಹುದು. ಕೊನೆಯದು ಮತ್ತೆ ಅಲುಗಾಡುವುದಿಲ್ಲ.

ಮಸ್ಕತ್ತಿನವನ ಪಾಡು ಬೇರೆ. ಒಮಾನಿ ರಿಯಾಲಿಗೆ ನೂರಲ್ಲ, ಸಾವಿರ ಬೈಸಾ. ಅವನು 12.375 ರಿಯಾಲ್ ಎಂದು ಬರೆದದ್ದನ್ನು ಆ್ಯಪ್ 12375 ಬೈಸಾ ಎಂದು ಸರಿಯಾಗಿಯೇ ಇಟ್ಟುಕೊಂಡು, ತೋರಿಸುವಾಗ ರೂಪಾಯಿ ಪೈಸೆಯ ಅಭ್ಯಾಸದಲ್ಲಿ ನೂರರಿಂದ ಭಾಗಿಸಿ 123.75 ಎಂದಿತು. ಹತ್ತು ಪಟ್ಟು ಉದಾರಿ! ಇದೂ ಸರಿಯಾಗಿದೆ.

ಇನ್ನು ತಡೆದಿಟ್ಟ ನಕ್ಷತ್ರ. “ಯಾರ ಗಡಿಯಾರ?” ಎಂಬ ಪ್ರಶ್ನೆಗೆ ಆ್ಯಪ್ ಮೊದಲೇ ತುಂಬಿಡುವ ಉತ್ತರ, ಆ ಹೊತ್ತಿಗೆ ಮೊಬೈಲ್ ಇರುವ ಊರು. ತಮ್ಮ ದೀಪಾವಳಿಗೆ ಬಂದಿದ್ದಾಗ ನಮ್ಮ ಜಗಲಿಯಲ್ಲಿ ಕುಳಿತು ಮಗಳ ಪಾಠವನ್ನು ಹೊಸದಾಗಿ ಹಾಕಿದ, ಆರೂವರೆ ಎಂದು. ಆ್ಯಪ್ ಅದರ ಪಕ್ಕದಲ್ಲಿ ನಮ್ಮ ವಲಯದ ಹೆಸರಾದ Asia/Kolkata ಎಂದು ಬರೆದುಕೊಂಡಿತು, ಅವನು ಗಮನಿಸಲಿಲ್ಲ. ಹಾಗೆಯೇ ಬಿಟ್ಟಿದ್ದರೆ ನವೆಂಬರ್ 2ರಂದು ಅಮೆರಿಕದ ಗಡಿಯಾರ ಹಿಂದಕ್ಕೆ ಹೋದ ಮೇಲೆ ಮಗು ಎಂಟಕ್ಕೇ ಏಳಬೇಕಾಗುತ್ತಿತ್ತು. ನಾನು ಕಂಡು ತಿದ್ದಿದೆ. 8ರ ಶನಿವಾರ ಸಂಜೆ ಏಳೂವರೆಗೆ ಅವಳು ಬಂದಳು, ಕೂದಲು ಇನ್ನೂ ಬಾಚಿರಲಿಲ್ಲ.