ಮಂಡ್ಯದ ತಾರಸಿಯಲ್ಲಿ ಮೂರು ವರ್ಷ: ಒಂದು ಎಫ್‌ಎಂ ಡೈಪೋಲ್ ಆಂಟೆನಾದ ವಿಮರ್ಶೆ

ಈ ಆಂಟೆನಾ ತರಿಸಿದ ಮೊದಲ ವಾರ ನನಗೆ ಸಿಟ್ಟು ಬಂದಿದ್ದು ಅದರ ಡಬ್ಬಿಯ ಮೇಲೆ. "ಎಲ್ಲಾ ದಿಕ್ಕಿನಿಂದಲೂ ಸಿಗ್ನಲ್, ಗೇನ್ 8 ಡಿಬಿ" ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರು. 1450 ರೂಪಾಯಿ ಕೊಟ್ಟಿದ್ದೆ. ಒಳಗೆ ಇದ್ದದ್ದು ಎರಡು ಅಲ್ಯೂಮಿನಿಯಂ ಕೊಳವೆ, ನಡುವೆ ಒಂದು ಪ್ಲಾಸ್ಟಿಕ್ ಪೆಟ್ಟಿಗೆ, ಅಷ್ಟೇ. ಅಪ್ಪಟ ಅರ್ಧ ಅಲೆಯ ಡೈಪೋಲ್. ಗೇನ್ ಅಂದರೆ ಒಂದು ದಿಕ್ಕಿನ ಸಿಗ್ನಲನ್ನು ಎಷ್ಟು ಹೆಚ್ಚಾಗಿ ಹಿಡಿಯುತ್ತದೆ ಅನ್ನುವ ಲೆಕ್ಕ, ಡಿಬಿ ಅದರ ಅಳತೆ. ಇದರ ಗೇನ್ ಹೆಚ್ಚೆಂದರೆ 2.15 ಡಿಬಿ. ಎಷ್ಟು ದುಡ್ಡು ಕೊಟ್ಟರೂ ಅದೇ.

ಯಾಕೆ ಅಂತ ಹೇಳ್ತೀನಿ. ಆಂಟೆನಾ ಹೊಸದಾಗಿ ಶಕ್ತಿ ಹುಟ್ಟಿಸುವುದಿಲ್ಲ. ಉದ್ದಿನ ಹಿಟ್ಟಿನ ಒಂದು ಉಂಡೆ ನೆನೆಸಿಕೊಳ್ಳಿ. ಎಲ್ಲಾ ದಿಕ್ಕಿಗೂ ಸಮನಾಗಿ ಕೇಳಿಸಿಕೊಳ್ಳುವ ಆಂಟೆನಾ ಅಂದರೆ ಆ ಉಂಡೆ. ಅಂಥದ್ದು ಲೆಕ್ಕಕ್ಕೆ ಮಾತ್ರ ಇರುವುದು, ಯಾರೂ ಮಾಡಿಲ್ಲ. ಅದೇ ಉಂಡೆಯ ನಡುವೆ ತೂತು ಮಾಡಿ ತಟ್ಟಿದರೆ ವಡೆ. ನಮ್ಮ ಮದ್ದೂರು ವಡೆ ಅಲ್ಲ, ತೂತಿರುವ ಉದ್ದಿನ ವಡೆ. ಹಿಟ್ಟು ಅಷ್ಟೇ ಇದೆ, ಆದರೆ ಅಂಚು ಹೊರಗೆ ಚಾಚಿಕೊಂಡಿತು. ಯಾವ ದಿಕ್ಕಿಗೆ ಎಷ್ಟು ಕೇಳಿಸುತ್ತದೆ ಅನ್ನುವ ಚಿತ್ರಕ್ಕೆ ರೇಡಿಯೇಷನ್ ಪ್ಯಾಟರ್ನ್ ಅಂತಾರೆ, ಡೈಪೋಲಿನದ್ದು ಇದೇ ಆಕಾರ. ಕೊಳವೆ ಆ ತೂತಿನಲ್ಲಿ ಹಾದುಹೋಗುತ್ತದೆ. ತೂತು ಮಾತ್ರ ಸೂಜಿಮೊನೆಯಷ್ಟು. ಕೊಳವೆಯ ಅಡ್ಡಕ್ಕೆ ಇರುವ ಸ್ಟೇಷನ್ ಉಂಡೆಗಿಂತ 1.64 ಪಟ್ಟು ಚೆನ್ನಾಗಿ ಕೇಳಿಸುತ್ತದೆ. ಡಿಬಿ ಲೆಕ್ಕದಲ್ಲಿ ಅದೇ 2.15. ಕೊಳವೆಯ ತುದಿ ನೋಡುವ ದಿಕ್ಕಿನಲ್ಲಿ ಸೊನ್ನೆ. ಆ ಸೊನ್ನೆಗೆ ನಲ್ ಅಂತಾರೆ. ಒಂದು ಕಡೆ ಕಿತ್ತುಕೊಂಡೇ ಇನ್ನೊಂದು ಕಡೆ ಕೊಡುವುದು. ಹಾಗಾಗಿ ಎಲ್ಲಾ ದಿಕ್ಕಿಗೂ ಸಮ ಮತ್ತು 8 ಡಿಬಿ, ಎರಡೂ ಒಟ್ಟಿಗೆ ಆಗುವ ಮಾತಲ್ಲ.

ಜೋಡಣೆ ಸುಲಭ. 143ನ್ನು ಸ್ಟೇಷನ್‌ನ ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತದೆ. ನನಗೆ ಬೇಕಾದ್ದು 101ರ ಆಸುಪಾಸು. ಹಾಗಾಗಿ 1.41 ಮೀಟರ್, ಒಂದೊಂದು ಕೈಗೆ 70 ಸೆಂಟಿಮೀಟರ್. ಇದರ ಪ್ರತಿರೋಧ ಸುಮಾರು 73 ಓಮ್. ಡಿಶ್ ಟಿವಿಗೆ ಎಳೆಯುವ 75 ಓಮ್ ಕೇಬಲ್ ಸರಿಯಾಗಿ ಹೊಂದುತ್ತದೆ. ಹಳೆ ಡಿಶ್‌ನ ಕೇಬಲ್ ಮನೆಯಲ್ಲೇ ಇತ್ತು, ಖರ್ಚು ಉಳಿಯಿತು.

ಈಗ ನಮ್ಮ ಊರಿನ ಅದೃಷ್ಟ ನೋಡಿ. ಮಂಡ್ಯದಿಂದ ಬೆಂಗಳೂರು ಈಶಾನ್ಯಕ್ಕೆ, ಮೈಸೂರು ನೈಋತ್ಯಕ್ಕೆ. ಹೆಚ್ಚುಕಡಿಮೆ ಒಂದೇ ಗೆರೆಯ ಎರಡು ತುದಿ. ಡೈಪೋಲನ್ನು ಅಡ್ಡ ಮಲಗಿಸಿ ಮೇಲಿನಿಂದ ನೋಡಿದರೆ ಪ್ಯಾಟರ್ನ್ ಇಂಗ್ಲಿಷ್ 8ರ ಹಾಗೆ, ಮುಂದೊಂದು ಹೊಟ್ಟೆ ಹಿಂದೊಂದು ಹೊಟ್ಟೆ. ಒಂದು ಹೊಟ್ಟೆ ಬೆಂಗಳೂರಿನ 101.3 ರೇನ್‌ಬೋ ಕಡೆಗೆ, ಇನ್ನೊಂದು ಮೈಸೂರಿನ 100.6 ಕಡೆಗೆ. ಮುಂದೆ ಹಿಂದೆ ಇನ್ನಷ್ಟು ಕಡ್ಡಿ ಇರುವ ಯಾಗಿ ಆಂಟೆನಾದಲ್ಲಿ 8 ಡಿಬಿ ನಿಜವಾಗಿಯೂ ಸಿಗುತ್ತದೆ. ಆದರೆ ಅದು ಒಂದೇ ಕಡೆ ನೋಡುತ್ತದೆ. ಬೆನ್ನ ಹಿಂದಿನ ಊರು ಬೇಕೆಂದಾಗ ತಿರುಗಿಸಬೇಕು.

ನನಗೆ ಬೇಜಾರಾಗಿದ್ದು ಹಾಸನದಿಂದ. 102.2 ಕೇಳಬೇಕೆಂಬುದು ಅಮ್ಮನ ಆಸೆ, ಅವರ ತವರು ಆ ಕಡೆ. ಹಾಸನ ನಮಗೆ ವಾಯವ್ಯಕ್ಕೆ. ಕೊಳವೆಯ ತುದಿಯೂ ವಾಯವ್ಯಕ್ಕೇ ಇತ್ತು! ನಕ್ಷೆಯಲ್ಲಿ ಅಳೆದರೆ ಕೊಳವೆಯ ಗೆರೆಗೂ ಹಾಸನಕ್ಕೂ 20 ಡಿಗ್ರಿ ಅಷ್ಟೇ. ಲೆಕ್ಕದ ಪ್ರಕಾರ ಅಲ್ಲಿ ಸಿಗ್ನಲ್ 11 ಡಿಬಿ ಇಳಿಯಬೇಕು, ಅಂದರೆ ಶಕ್ತಿ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ನನ್ನ ರೇಡಿಯೊ ಸಿಗ್ನಲನ್ನು ಅಂಕಿಯಲ್ಲಿ ತೋರಿಸುತ್ತದೆ. ಕೊಳವೆಯನ್ನು ಹಾಸನಕ್ಕೆ ಅಡ್ಡ ಇಟ್ಟಾಗ ಹಾಸನದ ಅಂಕಿ 21, ಬೆಂಗಳೂರಿಗೆ ಅಡ್ಡ ಇಟ್ಟಾಗ 11. ಅಮ್ಮ ಕೇಳಿದ್ದು ಬರೀ ಬುಸ್ ಅನ್ನುವ ಸದ್ದು.

ಬೆಂಗಳೂರೋ ಹಾಸನವೋ ಒಂದನ್ನು ಬಿಡಬೇಕು ಅಂದುಕೊಂಡೆ. ಸುಮ್ನೆ ಒಂದು ಭಾನುವಾರ ಕಂಬವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ಅಂಕಿ ಬರೆದುಕೊಂಡೆ. ಆವತ್ತಿನಿಂದ ಈ ಆಂಟೆನಾ ಮೇಲೆ ನನಗೆ ಪ್ರೀತಿ. 30 ಡಿಗ್ರಿ ತಿರುಗಿಸಿದರೆ ಹಾಸನ 11ರಿಂದ 18ಕ್ಕೆ ಏರಿತು, ಬೆಂಗಳೂರು 25ರಿಂದ 24ಕ್ಕೆ ಮಾತ್ರ ಇಳಿಯಿತು. ಕಾರಣ ಆ ವಡೆಯ ಆಕಾರದಲ್ಲೇ ಇದೆ. ಹೊಟ್ಟೆ ತುಂಬಾ ಅಗಲ. ಶಕ್ತಿ ಅರ್ಧಕ್ಕೆ ಇಳಿಯುವ ತನಕ 78 ಡಿಗ್ರಿ ಹರಡಿರುತ್ತದೆ. ನಲ್ ಮಾತ್ರ ಸಣ್ಣ ಸಂದಿ. ಹೊಟ್ಟೆಯನ್ನು ಸ್ಟೇಷನ್‌ಗೆ ಗುರಿ ಇಡಲು ಒದ್ದಾಡುವುದಕ್ಕಿಂತ, ನಲ್ ಎಲ್ಲಿಗೆ ನೋಡುತ್ತಿದೆ ಅಂತ ಗಮನಿಸುವುದು ಜಾಸ್ತಿ ಲಾಭ.

ಹಾಗಾದರೆ ಅಲ್ಲೇ ಬಿಟ್ಟುಬಿಡಬಹುದಿತ್ತು, ಅಲ್ವಾ? ಇಲ್ಲ. ಆಗ್ನೇಯಕ್ಕೆ ಪಕ್ಕದ ಮನೆಯವರ ಸೋಲಾರ್ ಇದೆ. ಬಿಸಿಲು ಏರಿದ ಮೇಲೆ ಅದರ ಇನ್ವರ್ಟರ್‌ನಿಂದ ಗರ್ರ್ ಅನ್ನುವ ಸದ್ದು ಬರುತ್ತದೆ. ಮೈಸೂರಿಗೆ ಏನೂ ಆಗುವುದಿಲ್ಲ, ದೂರದ ಬೆಂಗಳೂರು ಮಾತ್ರ ಕೆಡುತ್ತದೆ. ಕೊಳವೆಯನ್ನು ಮೊದಲಿನ ಜಾಗಕ್ಕೆ ತಂದರೆ ಅದರ ಇನ್ನೊಂದು ತುದಿ ಸರಿಯಾಗಿ ಆ ಇನ್ವರ್ಟರ್ ಕಡೆಗೆ. ಗರ್ರ್ ಹೆಚ್ಚುಕಡಿಮೆ ಮಾಯ.

ಈಗ ಕಂಬಕ್ಕೆ ಬಣ್ಣದಲ್ಲಿ ಎರಡು ಗುರುತು ಹಾಕಿದ್ದೇನೆ. ಹಳದಿ ಮೊದಲಿನ ಜಾಗ, ಕೆಂಪು 30 ಡಿಗ್ರಿ ತಿರುಗಿಸಿದ ಜಾಗ. ಬೆಳಿಗ್ಗೆ ಆರಕ್ಕೆ ತುಳಸಿಗೆ ನೀರು ಹಾಕಲು ಮೇಲೆ ಹೋದಾಗ ಅದು ಕೆಂಪು ಗುರುತಿನಲ್ಲೇ ಇರುತ್ತದೆ. ಅಮ್ಮ ಕಾಫಿ ಹಿಡಿದು ಹಾಸನ ಕೇಳುತ್ತಾರೆ. ಎಂಟಕ್ಕೆ ಬಟ್ಟೆ ಒಣಹಾಕುವಾಗ ಹಳದಿಗೆ ತಿರುಗಿಸುತ್ತೇನೆ. ಸೂರ್ಯ ಮುಳುಗಿದ ಮೇಲೆ ಮತ್ತೆ ಕೆಂಪು. ಈ ಎರಡು ಸುತ್ತು ನನಗೆ ಒಂದು ದಿನವೂ ಬೇಸರ ತಂದಿಲ್ಲ.

ಎರಡನೇ ಮಳೆಗಾಲದಲ್ಲಿ ತೊಂದರೆ ಬಂತು. ಬೆಂಗಳೂರು 25ರಿಂದ 20ಕ್ಕೆ ಇಳಿಯಿತು. ಮಳೆಯಿಂದ ಇರಬೇಕು ಅಂದುಕೊಂಡೆ. ಆದರೆ ಹಳದಿ ಗುರುತಿನಲ್ಲೇ ಹಾಸನ 11ರಿಂದ 16ಕ್ಕೆ ಏರಿತ್ತು, ಇನ್ವರ್ಟರ್ ಗರ್ರ್ ಕೂಡ ವಾಪಸ್ ಬಂದಿತ್ತು. ಮಳೆಯಿಂದಾದರೆ ಎಲ್ಲವೂ ಇಳಿಯಬೇಕಿತ್ತು. ಪೆಟ್ಟಿಗೆ ಬಿಚ್ಚಿದರೆ ನೀರು ಹೊಕ್ಕು ಒಂದು ಕೈಯ ಸ್ಕ್ರೂ ತುಕ್ಕು ಹಿಡಿದು ಸಂಪರ್ಕ ಬಿಟ್ಟಿತ್ತು. ಆ ಕೈಯ ಕೆಲಸವನ್ನು ಕೆಳಗೆ ಇಳಿಬಿಟ್ಟ ಕೇಬಲಿನ ಹೊರ ಜಾಲರಿ ಮಾಡುತ್ತಿತ್ತು. ಅದು ನೇರ ನಿಂತಿದೆ, ಸುತ್ತಲಿನದ್ದೆಲ್ಲಾ ಹಿಡಿಯುತ್ತದೆ. ವಡೆಯ ತೂತು ಮುಚ್ಚಿಹೋಗಿತ್ತು. ಡೈರೆಕ್ಟಿವಿಟಿ ಅನ್ನುವುದು ಬರೀ ಆಕಾರದ ಲೆಕ್ಕ, 1.64. ಅದರಿಂದ ಕೊಳವೆ, ಸ್ಕ್ರೂಗಳಲ್ಲಿ ಬಿಸಿಯಾಗಿ ಪೋಲಾಗುವುದನ್ನು ಕಳೆದರೆ ಉಳಿಯುವುದು ಗೇನ್. ಸರಿಯಿರುವ ಡೈಪೋಲಿನಲ್ಲಿ ಎರಡಕ್ಕೂ ವ್ಯತ್ಯಾಸ ತೀರಾ ಕಡಿಮೆ. ನನ್ನ ತುಕ್ಕು ಎರಡನ್ನೂ ಕೆಡಿಸಿತ್ತು.

ಸ್ಟೀಲ್ ಸ್ಕ್ರೂ ಹಾಕಿ, ಪೆಟ್ಟಿಗೆಯ ಅಡಿಗೆ ನೀರು ಇಳಿಯಲು ಸಣ್ಣ ತೂತು ಕೊರೆದೆ. ಜಾಲರಿಗೆ ಸಿಗ್ನಲ್ ಹತ್ತದ ಹಾಗೆ ತಡೆಯುವ ಬಾಲನ್ ಇದರಲ್ಲಿ ಇಲ್ಲವೇ ಇಲ್ಲ. ಬದಲಿಗೆ ಪೆಟ್ಟಿಗೆಯ ಹತ್ತಿರವೇ ಕೇಬಲನ್ನು ಐದು ಸುತ್ತು ಸುತ್ತಿ ಟೇಪ್ ಹಾಕಿದೆ. ಹಳದಿ ಗುರುತಿನಲ್ಲಿ ಹಾಸನ ಈಗ 9, ಬೆಂಗಳೂರು ಮತ್ತೆ 25. ಸುತ್ತಲಿನ ಗೋಡೆ, ನೀರಿನ ಟ್ಯಾಂಕಿಗೆ ಬಡಿದು ಬರುವ ಅಲೆಗಳಿಂದಾಗಿ ನಲ್ ಪೂರ್ತಿ ಸೊನ್ನೆ ಎಂದೂ ಆಗುವುದಿಲ್ಲ.

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದನ್ನು ಕಳೆದಿರುವುದು ಡಬ್ಬಿಯ ಮೇಲಿನ ಸುಳ್ಳಿಗೆ ಮತ್ತು ಆ ಸ್ಕ್ರೂಗೆ. ಕೊಳ್ಳುವವರು ಹಾಕಿದ ದಿನವೇ ತಿರುಗಿಸಿ ನೋಡಿ, ದೂರದ ಒಂದು ಸ್ಟೇಷನ್‌ನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿ ಬರೆದಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಆ ಅಂತರ ಕಡಿಮೆಯಾಯಿತು ಅಂದರೆ ಮೊದಲು ಪೆಟ್ಟಿಗೆ ಬಿಚ್ಚಿ.