ಅಪ್‌ಲೋಡ್ ಆದ ಮೇಲೆ ತಪ್ಪು ಸಿಕ್ಕರೆ: ಪಿನ್, ತಿದ್ದುಪಡಿ ಸಾಲು, ಕತ್ತರಿ, ಮರು ಅಪ್‌ಲೋಡ್

2023ರ ಫೆಬ್ರವರಿಯಲ್ಲಿ ನಾನೊಂದು ಖಗೋಳದ ವಿಡಿಯೋ ಯೂಟ್ಯೂಬ್‌ಗೆ ಹಾಕಿದೆ. ಶೀರ್ಷಿಕೆ: ‘ಅತಿ ಹೆಚ್ಚು ಚಂದ್ರರಿರುವ ಗ್ರಹ ಗುರು!’ ಆಗ ಅದು ನಿಜವಾಗಿತ್ತು. ಗುರುವಿಗೆ 92 ಚಂದ್ರರು, ಶನಿಗೆ 83. ಮೂರೇ ತಿಂಗಳಲ್ಲಿ, ಮೇ ಹೊತ್ತಿಗೆ, ಶನಿಯ ಲೆಕ್ಕ 145ಕ್ಕೆ ಏರಿತು. 2025ರ ಮಾರ್ಚ್‌ನಲ್ಲಿ 274 ಆಯಿತು. ನನ್ನ ಶೀರ್ಷಿಕೆ ಮಾತ್ರ ಗುರುವಿನ ಹೆಸರು ಹಿಡಿದು ಅಲ್ಲೇ ನಿಂತಿತ್ತು.

ಅದೇ ವಿಡಿಯೋದಲ್ಲಿ ಇನ್ನೊಂದು ತಪ್ಪಿತ್ತು. ಅದು ಕಾಲ ಬದಲಾಗಿ ಆದದ್ದಲ್ಲ, ನನ್ನದೇ ತಪ್ಪು. 4:12ರಲ್ಲಿ ನಾನು ಹೇಳಿದ್ದು ಹೀಗೆ: ‘ಟೈಟನ್, ಇಡೀ ಸೌರವ್ಯೂಹದಲ್ಲೇ ಅತಿ ದೊಡ್ಡ ಚಂದ್ರ, ಬುಧ ಗ್ರಹಕ್ಕಿಂತಲೂ ದೊಡ್ಡದು.’ ಬುಧನ ಮಾತು ಸರಿ. ಆದರೆ ಅತಿ ದೊಡ್ಡ ಚಂದ್ರ ಗುರುವಿನ ಗ್ಯಾನಿಮೀಡ್. ಅದರ ವ್ಯಾಸ ಸುಮಾರು 5,268 ಕಿ.ಮೀ., ಟೈಟನ್‌ದು ಸುಮಾರು 5,150.

ಯೂಟ್ಯೂಬ್‌ನಲ್ಲಿ ಒಮ್ಮೆ ಹಾಕಿದ ಫೈಲನ್ನು ತೆಗೆದು, ಅದೇ ಲಿಂಕಿನಲ್ಲಿ ಹೊಸ ಫೈಲ್ ಕೂರಿಸಲು ಆಗುವುದಿಲ್ಲ. ಹಾಗಾಗಿ ಉಳಿದ ದಾರಿಗಳನ್ನು ಒಂದೊಂದಾಗಿ ಮಾಡಿ ನೋಡಿದೆ.

ಪಿನ್ ಮಾಡಿದ ಕಾಮೆಂಟ್

ಮೊದಲು ಮಾಡಿದ್ದು ಇದು, ಯಾಕೆಂದರೆ ಒಂದು ನಿಮಿಷದ ಕೆಲಸ. ‘4:12ರಲ್ಲಿ ತಪ್ಪು ಹೇಳಿದ್ದೇನೆ, ಅತಿ ದೊಡ್ಡದು ಗ್ಯಾನಿಮೀಡ್’ ಎಂದು ಬರೆದು ಪಿನ್ ಮಾಡಿದೆ. ಕಾಮೆಂಟ್ ಓದುವವರಿಗೆ ಅಷ್ಟು ಸಾಕು. ಆದರೆ ಟಿವಿಯಲ್ಲಿ ನೋಡುವವರು ಕಾಮೆಂಟ್ ತೆರೆಯುವುದು ಅಪರೂಪ. ಬೇರೆ ಪುಟದಲ್ಲಿ ಎಂಬೆಡ್ ಮಾಡಿದ ಪ್ಲೇಯರ್‌ನಲ್ಲಂತೂ ಕಾಮೆಂಟೇ ಇರುವುದಿಲ್ಲ. ಪಿನ್ ಮಾಡಿದ ಮೇಲೂ ‘ಗ್ಯಾನಿಮೀಡ್ ಅಲ್ವಾ ದೊಡ್ಡದು?’ ಎಂದು ಕೇಳುವವರು ಕೇಳುತ್ತಲೇ ಇದ್ದರು. ಪಿನ್ ತಲುಪುತ್ತಿಲ್ಲ ಎನ್ನುವುದಕ್ಕೆ ಅದಕ್ಕಿಂತ ಬೇರೆ ಗುರುತು ಬೇಕಿಲ್ಲ.

ಒಂದು ಲಾಭ ಮಾತ್ರ ಇಲ್ಲಿ ಸಿಕ್ಕಿತು. ತಪ್ಪು ತೋರಿಸಿದವರ ಕಾಮೆಂಟಿಗೇ ಉತ್ತರ ಕೊಟ್ಟರೆ ಅವರಿಗೆ ನೋಟಿಫಿಕೇಶನ್ ಹೋಗಬಹುದು. ಈಗಾಗಲೇ ವಿಡಿಯೋ ನೋಡಿ ಹೋದವರನ್ನು ತಲುಪಲು ಇರುವ ಕೆಲವೇ ದಾರಿಗಳಲ್ಲಿ ಇದೊಂದು. ವಿವರಣೆ ತಿದ್ದಿದರೆ, ಶೀರ್ಷಿಕೆ ತಿದ್ದಿದರೆ ಚಂದಾದಾರರಿಗೆ ಯಾವ ಸೂಚನೆಯೂ ಹೋಗುವುದಿಲ್ಲ. ಹಾಗಾಗಿ ತಪ್ಪು ಹೇಳಿದವರಿಗೆ ಒಬ್ಬೊಬ್ಬರಿಗೂ ಉತ್ತರ ಬರೆದೆ.

ವಿವರಣೆಯಲ್ಲಿ ತಿದ್ದುಪಡಿ ಸಾಲು

ಈ ಸೌಲಭ್ಯ ಇದೆ ಅಂತ ತುಂಬಾ ಜನರಿಗೆ ಗೊತ್ತೇ ಇಲ್ಲ. ವಿವರಣೆಯಲ್ಲಿ ಹೀಗೆ ಬರೆಯಬೇಕು:

```
Correction:
4:12 ಅತಿ ದೊಡ್ಡ ಚಂದ್ರ ಟೈಟನ್ ಅಲ್ಲ, ಗ್ಯಾನಿಮೀಡ್.
```

ಆಗ ವಿಡಿಯೋ ಆ ಸಮಯಕ್ಕೆ ಬಂದಾಗ ಪರದೆಯ ಮೂಲೆಯಲ್ಲಿ ಚಿಕ್ಕ ಸೂಚನೆ ಏಳುತ್ತದೆ. ಒತ್ತಿದರೆ ತಿದ್ದುಪಡಿ ತೆರೆಯುತ್ತದೆ. ನಾನು ಮೊದಲು ‘ತಿದ್ದುಪಡಿ:’ ಎಂದು ಕನ್ನಡದಲ್ಲಿ ಬರೆದು, ಸೂಚನೆ ಯಾಕೆ ಬರುತ್ತಿಲ್ಲ ಎಂದು ತಲೆ ಕೆಡಿಸಿಕೊಂಡಿದ್ದೆ. ಆ ಒಂದು ಪದ ಮಾತ್ರ `Correction:` ಅಥವಾ `Corrections:` ಎಂದು ಇಂಗ್ಲಿಷಿನಲ್ಲೇ ಇರಬೇಕು. ವಿವರ ಕನ್ನಡದಲ್ಲಿ ಇರಬಹುದು. ಅಧ್ಯಾಯಗಳ ಪಟ್ಟಿ ಹಾಕಿದ್ದರೆ ಈ ಸಾಲು ಅದರ ಕೆಳಗೆ ಬರಬೇಕು. ಚಾನೆಲ್ ಮೇಲೆ ಸ್ಟ್ರೈಕ್ ಇದ್ದರೆ ಈ ಸೌಲಭ್ಯ ಸಿಗುವುದಿಲ್ಲ.

ಪಿನ್‌ಗಿಂತ ಇದು ಎಷ್ಟೋ ವಾಸಿ, ಯಾಕೆಂದರೆ ತಪ್ಪು ಕಿವಿಗೆ ಬೀಳುವ ಹೊತ್ತಿಗೇ ಸೂಚನೆಯೂ ಕಣ್ಣಿಗೆ ಬೀಳುತ್ತದೆ. ಹಲವು ತಪ್ಪುಗಳಿದ್ದರೆ ಸೂಚನೆ ಮೊದಲನೆಯದರ ಹತ್ತಿರ ಮಾತ್ರ ಏಳುತ್ತದೆ, ಉಳಿದವು ಅದರೊಳಗೇ ಪಟ್ಟಿಯಾಗಿ ಇರುತ್ತವೆ. ಆದರೆ ಧ್ವನಿ ಹಾಗೇ ಉಳಿಯುತ್ತದೆ. ಪಾತ್ರೆ ತೊಳೆಯುತ್ತಾ ಬರೀ ಕೇಳಿಸಿಕೊಳ್ಳುವವರ ಕಿವಿಗೆ ಬೀಳುವುದು ಅದೇ ಹಳೇ ಮಾತು.

ಸ್ಟುಡಿಯೋದಲ್ಲೇ ಕತ್ತರಿಸುವುದು

ನನಗೆ ಹೆಚ್ಚು ಇಷ್ಟವಾಗಿದ್ದು ಇದು. ಯೂಟ್ಯೂಬ್ ಸ್ಟುಡಿಯೋದಲ್ಲಿ ವಿಡಿಯೋ ತೆರೆದು `Editor`ಗೆ ಹೋಗಿ, `Trim & cut` ಒತ್ತಿ, `New cut`ನಿಂದ ಬೇಡದ ತುಂಡನ್ನು ಗುರುತು ಮಾಡಬೇಕು. ಲಿಂಕ್, ವೀಕ್ಷಣೆ, ಕಾಮೆಂಟ್ ಎಲ್ಲವೂ ಇದ್ದಲ್ಲೇ ಇರುತ್ತವೆ. ಸಂಸ್ಕರಣೆ ಮುಗಿಯುವ ತನಕ ಜನರಿಗೆ ಹಳೆಯದೇ ಕಾಣುತ್ತದೆ. ಹಾಗಾಗಿ ಸೇವ್ ಮಾಡಿದ ಕೂಡಲೇ ನೋಡಿ ‘ಆಗಲೇ ಇಲ್ಲ’ ಎಂದು ಮತ್ತೆ ಕತ್ತರಿ ಹಾಕಬೇಡಿ. ಕೆಲವೊಮ್ಮೆ ಗಂಟೆಗಟ್ಟಲೆ ಹಿಡಿಯುತ್ತದೆ.

ನನ್ನ ಅದೃಷ್ಟಕ್ಕೆ ವಾಕ್ಯದ ರಚನೆಯೇ ಸಹಾಯ ಮಾಡಿತು. ‘ಇಡೀ ಸೌರವ್ಯೂಹದಲ್ಲೇ ಅತಿ ದೊಡ್ಡ ಚಂದ್ರ’ ಎನ್ನುವ ನಡುವಿನ ತುಂಡು ತೆಗೆದರೆ ‘ಟೈಟನ್, ಬುಧ ಗ್ರಹಕ್ಕಿಂತಲೂ ದೊಡ್ಡದು’ ಎಂದು ಉಳಿಯಿತು. ವಾಕ್ಯ ಪೂರ್ತಿ, ಮಾತು ಸತ್ಯ. ಮೊದಲ ಸಲ ಉಸಿರಿನ ನಡುವೆ ಕತ್ತರಿ ಬಿದ್ದು ಹಿನ್ನೆಲೆ ಸಂಗೀತ ಎಗರಿದ ಹಾಗೆ ಕೇಳಿಸಿತು. ಎರಡನೇ ಸಲ ಟೈಮ್‌ಲೈನನ್ನು ದೊಡ್ಡದು ಮಾಡಿ, ಮಾತಿನ ಅಲೆ ಪೂರ್ತಿ ತಗ್ಗಿದ ಜಾಗದಲ್ಲಿ ಎರಡೂ ಅಂಚು ಇಟ್ಟೆ. ಹೆಡ್‌ಫೋನ್ ಹಾಕಿ ಕೇಳಿದರೂ ಕತ್ತರಿಸಿದ ಜಾಗ ಗೊತ್ತಾಗಲಿಲ್ಲ.

ಕತ್ತರಿಸಿದ ಮೇಲೆ ಮರೆಯುವ ಕೆಲಸವೊಂದಿದೆ. ನಾಲ್ಕು ಸೆಕೆಂಡ್ ಹೋಯಿತು ಎಂದರೆ ಅದರ ಮುಂದಿನ ಎಲ್ಲಾ ಸಮಯಗಳೂ ನಾಲ್ಕು ಸೆಕೆಂಡ್ ಹಿಂದೆ ಸರಿದವು. ವಿವರಣೆಯಲ್ಲಿ ಬರೆದ ಅಧ್ಯಾಯಗಳ ಸಮಯವನ್ನು ಕೈಯಿಂದಲೇ ತಿದ್ದಬೇಕು. ನೋಡುಗರು ಕಾಮೆಂಟಿನಲ್ಲಿ ಹಾಕಿದ ಸಮಯಗಳನ್ನು ನಾವು ತಿದ್ದುವ ಹಾಗಿಲ್ಲ. ನಾಲ್ಕು ಸೆಕೆಂಡ್ ಪರವಾಗಿಲ್ಲ, ಒಂದು ನಿಮಿಷ ಕತ್ತರಿಸಿದರೆ ಆ ಕಾಮೆಂಟ್‌ಗಳೆಲ್ಲ ಎಲ್ಲೆಲ್ಲಿಗೋ ಕರೆದುಕೊಂಡು ಹೋಗುತ್ತವೆ. `Correction:` ಸಾಲನ್ನೂ ತೆಗೆದೆ. ಇಲ್ಲದ ತಪ್ಪಿಗೆ ಸೂಚನೆ ಬಂದರೆ ನೋಡುವವರಿಗೆ ಗೊಂದಲ. ಅದರ ಬದಲು ವಿವರಣೆಯ ಕೊನೆಯಲ್ಲಿ ‘ಟೈಟನ್ ಬಗ್ಗೆ ಹೇಳಿದ್ದ ತಪ್ಪು ಮಾತನ್ನು ಕತ್ತರಿಸಲಾಗಿದೆ’ ಎಂದು ಒಂದು ಸಾಲು ಬರೆದೆ. ಹಳೇ ಕಾಮೆಂಟ್ ಓದಿದವರಿಗೆ, ಈ ಜನ ಯಾವುದರ ಬಗ್ಗೆ ಮಾತಾಡುತ್ತಿದ್ದಾರೆ ಎಂದು ತಿಳಿಯಬೇಕಲ್ವಾ?

ಇದಕ್ಕೂ ಮಿತಿ ಇದೆ. ಇಲ್ಲಿ ತೆಗೆಯಬಹುದೇ ಹೊರತು ಹೊಸ ಮಾತು ಸೇರಿಸಲು ಆಗುವುದಿಲ್ಲ. ಆರು ಗಂಟೆಗಿಂತ ಉದ್ದದ ವಿಡಿಯೋಗೆ ಈ ಕತ್ತರಿ ಓಡುವುದಿಲ್ಲ. ಪಾರ್ಟ್‌ನರ್ ಪ್ರೋಗ್ರಾಂನಲ್ಲಿ ಇಲ್ಲದ ಚಾನೆಲ್‌ನ ವಿಡಿಯೋ ಒಂದು ಲಕ್ಷ ವೀಕ್ಷಣೆ ದಾಟಿದ್ದರೆ, ಮುಖ ಮಸುಕು ಮಾಡುವುದನ್ನು ಬಿಟ್ಟು ಬೇರೆ ಬದಲಾವಣೆ ಉಳಿಸಲು ಬಿಡದೇ ಇರಬಹುದು.

ಶೀರ್ಷಿಕೆ: ಎರಡು ಸಲ ಬದಲಿಸಿದೆ

ಶೀರ್ಷಿಕೆ ಬದಲಿಸಿದರೆ ಲಿಂಕ್ ಬದಲಾಗುವುದಿಲ್ಲ, ವೀಕ್ಷಣೆಯೂ ಹೋಗುವುದಿಲ್ಲ. ‘ಶೀರ್ಷಿಕೆ ಮುಟ್ಟಿದರೆ ಆಲ್ಗರಿದಂ ಶಿಕ್ಷೆ ಕೊಡುತ್ತದೆ’ ಎನ್ನುವ ಮಾತು ಸುಮ್ನೆ ಹಬ್ಬಿದ್ದು. ಯೂಟ್ಯೂಬ್ ಹೇಳುವುದು ಇಷ್ಟೇ: ಬದಲಾವಣೆ ಆದ ಮೇಲೆ ವಿಡಿಯೋ ಬೇರೆ ಥರ ಕಾಣುತ್ತದೆ, ಜನ ಬೇರೆ ಥರ ನಡೆದುಕೊಳ್ಳುತ್ತಾರೆ, ಶಿಫಾರಸು ಅದನ್ನು ಹಿಂಬಾಲಿಸುತ್ತದೆ. ನನ್ನ ಎರಡು ಪ್ರಯತ್ನಗಳಲ್ಲೂ ಇದೇ ಕಂಡಿತು.

ಮೊದಲ ಸಲ ‘ಅತಿ ಹೆಚ್ಚು ಚಂದ್ರರಿರುವ ಗ್ರಹ ಶನಿ!’ ಎಂದು ಬದಲಿಸಿದೆ. ಶೀರ್ಷಿಕೆ ಸತ್ಯವಾಯಿತು. ವಿಡಿಯೋ ಮಾತ್ರ ಹತ್ತು ನಿಮಿಷ ಗುರುವಿನ ಗೆಲುವನ್ನೇ ಹೇಳುತ್ತಿತ್ತು! ಒತ್ತಿದವರು ಒತ್ತಿದರು, ಆದರೆ ಮೊದಲ ಅರ್ಧ ನಿಮಿಷದಲ್ಲೇ ಹೊರಟುಹೋಗುವವರು ಜಾಸ್ತಿಯಾದರು. ವೀಕ್ಷಣೆ ಅವಧಿಯ ಗೆರೆ ಆರಂಭದಲ್ಲೇ ಜಾರಿತು. ‘ಶೀರ್ಷಿಕೆ ಒಂದು, ವಿಷಯ ಇನ್ನೊಂದು’ ಎಂದು ಒಬ್ಬರು ಬರೆದರು. ಅವರ ಮಾತು ಸರಿಯಾಗಿತ್ತು. ಹಳೇ ಶೀರ್ಷಿಕೆ ಹಳತಾಗಿತ್ತು ಅಷ್ಟೇ, ಹೊಸದು ನೋಡುಗರಿಗೆ ಮೋಸ ಮಾಡುತ್ತಿತ್ತು.

ಎರಡನೇ ಸಲ ಹೀಗೆ ಬರೆದೆ: ‘ಅತಿ ಹೆಚ್ಚು ಚಂದ್ರರಿರುವ ಗ್ರಹ: 2023ರಲ್ಲಿ ಗುರು ಮುಂದೆ ಬಂದಿದ್ದು ಹೇಗೆ?’ ಜನ ಹುಡುಕುವ ಪದಗಳು ಮೊದಲೇ ಇದ್ದವು, ಅವನ್ನು ಮುಟ್ಟಲಿಲ್ಲ. ಇಸವಿ ಸೇರಿಸಿದೆ, ಅಷ್ಟೇ. ಆ ಇಸವಿಯಿಂದ ಶೀರ್ಷಿಕೆಯೂ ನಿಜ, ವಿಡಿಯೋದ ಮಾತೂ ನಿಜ. ಒತ್ತುವವರ ಪ್ರಮಾಣ ಸ್ವಲ್ಪ ತಗ್ಗಿತು, ಅದನ್ನು ಮುಚ್ಚಿಡುವುದಿಲ್ಲ. ಇಸವಿ ನೋಡಿ ‘ಹಳೇದು’ ಎಂದು ದಾಟಿ ಹೋಗುವವರು ಇದ್ದೇ ಇರುತ್ತಾರೆ. ಒಳಗೆ ಬಂದವರು ಮಾತ್ರ ಕೂತು ನೋಡಿದರು.

ಥಂಬ್‌ನೇಲ್‌ನಲ್ಲಿ ‘92’ ಎಂದು ದೊಡ್ಡದಾಗಿತ್ತು. ಅದನ್ನು ಅದೇ ದಿನ ಬದಲಿಸಲಿಲ್ಲ. ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಎರಡು ವಾರ ಬಿಟ್ಟು ಥಂಬ್‌ನೇಲ್ ಬದಲಿಸಿದೆ. ಹೋಲಿಸುವಾಗ ಒಟ್ಟು ಅಂಕಿ ನೋಡಬೇಡಿ. ಅನಲಿಟಿಕ್ಸ್‌ನಲ್ಲಿ ಹುಡುಕಾಟದಿಂದ ಬಂದವರನ್ನು ಬೇರೆ, ಶಿಫಾರಸಿನಿಂದ ಬಂದವರನ್ನು ಬೇರೆ ಮಾಡಿ, ಬದಲಾವಣೆಯ ಹಿಂದಿನ ಎರಡು ವಾರ, ಮುಂದಿನ ಎರಡು ವಾರ ಇಟ್ಟು ನೋಡಿ. ಶೀರ್ಷಿಕೆಯ ಪದಗಳ ಪರಿಣಾಮ ಹುಡುಕಾಟದ ಸಾಲಿನಲ್ಲೇ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ತೆಗೆದು ಮತ್ತೆ ಹಾಕುವುದು

ಇದನ್ನು ಬೇರೆ ವಿಡಿಯೋದಲ್ಲಿ ಮಾಡಿದೆ. ಪ್ರತಿ ತಿಂಗಳೂ ಗ್ರಹಣ ಯಾಕೆ ಆಗುವುದಿಲ್ಲ ಎಂಬ ವಿಡಿಯೋ ಅದು. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿರುವುದು ಅದಕ್ಕೆ ಕಾರಣ. ನಾನು ಚಂದ್ರನ ದೂರ ಹೆಚ್ಚುಕಡಿಮೆ ಆಗುವುದೇ ಕಾರಣ ಎಂದು ಚಿತ್ರ ಸಮೇತ ವಿವರಿಸಿದ್ದೆ. ಬೆನ್ನೆಲುಬೇ ತಪ್ಪಾಗಿದ್ದಾಗ ಕತ್ತರಿಸಲು ಏನು ಉಳಿಯುತ್ತದೆ?

ಹೊಸ ಅಪ್‌ಲೋಡಿಗೆ ಹೊಸ ಲಿಂಕ್, ವೀಕ್ಷಣೆ ಸೊನ್ನೆಯಿಂದ, ಕಾಮೆಂಟ್ ಖಾಲಿ. ಹಳೆಯದನ್ನು ಅಳಿಸಿಬಿಟ್ಟರೆ ಜನ ಹಂಚಿದ ಲಿಂಕುಗಳೆಲ್ಲ ಸತ್ತುಹೋಗುತ್ತವೆ. ನಾನು ಅಳಿಸದೆ ಅನ್‌ಲಿಸ್ಟೆಡ್ ಮಾಡಿ, ಅಲ್ಲಿ ಹೊಸ ವಿಡಿಯೋದ ಲಿಂಕನ್ನು ಪಿನ್ ಮಾಡಿದೆ. ಹಂಚಿದ ಲಿಂಕಿನಿಂದ ಬಂದವರಿಗೆ ದಾರಿ ಸಿಗುತ್ತದೆ, ಹುಡುಕಾಟದಲ್ಲಿ ತಪ್ಪು ವಿಡಿಯೋ ಕಾಣುವುದಿಲ್ಲ. ಇದಕ್ಕೆ ಬೆಲೆಯೂ ಇದೆ. ಪಾರ್ಟ್‌ನರ್ ಪ್ರೋಗ್ರಾಂನ ಅರ್ಹತೆಗೆ ಬೇಕಾದ 4,000 ಗಂಟೆಗಳ ಲೆಕ್ಕದಲ್ಲಿ ಅನ್‌ಲಿಸ್ಟೆಡ್ ವಿಡಿಯೋದ ಗಂಟೆಗಳು ಸೇರುವುದಿಲ್ಲ. ಆ ಗಡಿಯ ಹತ್ತಿರ ಇರುವವರು ಮೊದಲು ಲೆಕ್ಕ ಹಾಕಿಕೊಳ್ಳಿ.

ಮರು ಅಪ್‌ಲೋಡಿನಲ್ಲಿ ನಾನು ಎಡವಿದ್ದು ಥಂಬ್‌ನೇಲ್‌ನಲ್ಲಿ. ಹಳೆಯದನ್ನೇ ಹಾಕಿದೆ. ನೋಟಿಫಿಕೇಶನ್ ಸಿಕ್ಕ ಚಂದಾದಾರರು ‘ಇದನ್ನು ನೋಡಿಯಾಗಿದೆ’ ಎಂದು ದಾಟಿ ಹೋದರು. ತಿದ್ದುಪಡಿ ಯಾರಿಗೆ ತಲುಪಬೇಕಿತ್ತೋ ಅವರಿಗೇ ತಲುಪಲಿಲ್ಲ. ಆಮೇಲೆ ಓರೆ ಕಕ್ಷೆಯ ಹೊಸ ಚಿತ್ರ ಹಾಕಿ, ಶೀರ್ಷಿಕೆಯಲ್ಲಿ ‘ಹಿಂದಿನ ವಿವರಣೆ ತಪ್ಪಾಗಿತ್ತು’ ಎಂದು ಸೇರಿಸಿದೆ. ಹಳೇ ನೋಡುಗರು ಮತ್ತೆ ಬಂದಿದ್ದು ಆಗಲೇ.

ಚಂದ್ರರ ವಿಡಿಯೋಗೆ ಮಾತ್ರ ಮರು ಅಪ್‌ಲೋಡ್ ಮಾಡಲಿಲ್ಲ. ಅದು ಹೇಳುವ ಕತೆ 2023ರ ಮಟ್ಟಿಗೆ ಸರಿಯಾಗಿಯೇ ಇದೆ. ಶನಿಯ 274 ಚಂದ್ರರ ಬಗ್ಗೆ ಮೂರು ನಿಮಿಷದ ಬೇರೆ ವಿಡಿಯೋ ಮಾಡಿದೆ. ಹಳೇ ವಿಡಿಯೋದಲ್ಲಿ ‘92’ ಎಂದು ಹೇಳುವ ಕ್ಷಣಕ್ಕೇ ಅದರ ಕಾರ್ಡ್ ಏಳುವ ಹಾಗೆ ಇಟ್ಟಿದ್ದೇನೆ.