ಡಾಕ್ಟರ್ ಬರೆದದ್ದು 250, ಅಂಗಡಿಯವರು ಕೊಟ್ಟದ್ದು 125

ಸಣ್ಣ ಮಕ್ಕಳಿರುವವರು ಇದನ್ನು ದಯವಿಟ್ಟು ಓದಬೇಕು. ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ನಾನು ಶಾಲೆಯಲ್ಲಿ ಮಕ್ಕಳಿಗೆ ತ್ರೈರಾಶಿ ಲೆಕ್ಕ ಹೇಳಿಕೊಡುವವಳು, ಮತ್ತು ನನ್ನದೇ ಮಗುವಿನ ಮದ್ದಿನ ಬಾಟಲಿಯ ಮೇಲಿದ್ದ ಎರಡು ಅಂಕಿಗಳನ್ನು ಮೂರು ದಿನ ಓದದೇ ಕುಳಿತವಳು.

ನಮ್ಮ ಮನೆ ಕುಮಟಾ ಮತ್ತು ಹೊನ್ನಾವರದ ನಡುವಿನ ಒಂದು ಊರಿನಲ್ಲಿದೆ. ಮಗನಿಗೆ ಒಂದೂವರೆ ವರ್ಷ. ಆಷಾಢದ ಮಳೆಯಲ್ಲಿ ಶೀತವಾಗಿ, ನಾಲ್ಕನೇ ದಿನ ಜ್ವರ 102.6ಕ್ಕೆ ಏರಿ, ಮಲಗಿಸಿದೊಡನೆ ಕಿವಿ ಹಿಡಿದುಕೊಂಡು ಕಿರುಚಲು ಆರಂಭಿಸಿದ. ಅತ್ತೆಯವರು ಬೆಳ್ಳುಳ್ಳಿ ಹಾಕಿ ಬಿಸಿ ಮಾಡಿದ ಎಣ್ಣೆಯನ್ನು ಕಿವಿಗೆ ಬಿಡಲು ಸಿದ್ಧರಾಗಿದ್ದರು. ಅದನ್ನು ತಡೆದದ್ದೊಂದೇ ಆ ವಾರ ನಾನು ಮಾಡಿದ ಸರಿಯಾದ ಕೆಲಸ. ಕುಮಟಾದ ಮಕ್ಕಳ ಡಾಕ್ಟರ್ ಎರಡೂ ಕಿವಿಗಳನ್ನು ನೋಡಿ, ತಮಟೆಗಳು ಕೆಂಪಾಗಿ ಹೊರಕ್ಕೆ ಉಬ್ಬಿವೆ, ನಡುಗಿವಿಯಲ್ಲಿ ಕೀವಿದೆ ಎಂದರು. ಬಟ್ಟೆ ಕಳಚಿಸಿ ತೂಕ ನೋಡಿದರು: 11 ಕೆ.ಜಿ. ಆ ತೂಕವನ್ನು ಚೀಟಿಯ ಮೇಲ್ಭಾಗದಲ್ಲಿ ಬರೆದು, ಅದರ ಕೆಳಗೆ ಅಮಾಕ್ಸಿಸಿಲಿನ್ ಡ್ರೈ ಸಿರಪ್, 5 ಮಿ.ಲೀ.ಗೆ 250 ಮಿ.ಗ್ರಾಂ. ಇರುವುದು, ಬೆಳಿಗ್ಗೆ 10 ಮಿ.ಲೀ., ರಾತ್ರಿ 10 ಮಿ.ಲೀ., ಹತ್ತು ದಿನ ಎಂದು ಬರೆದುಕೊಟ್ಟರು.

ಅಲ್ಲಿಯೇ ಮದ್ದು ಕೊಂಡಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಬಸ್ಸು ತಪ್ಪುತ್ತದೆಂದು ಓಡಿ ಬಂದು, ನಮ್ಮೂರ ಪೇಟೆಯ ಮೆಡಿಕಲ್ ಅಂಗಡಿಯಲ್ಲಿ ಚೀಟಿ ಕೊಟ್ಟೆ. ಅಂಗಡಿಯವರು ವರ್ಷಗಳಿಂದ ಪರಿಚಿತರು. "ಕೊಡಿ ಅಕ್ಕೋರೆ, ನಾನೇ ಕಲಸಿಕೊಡುತ್ತೇನೆ, ಮಳೆಯಲ್ಲಿ ನಿಮಗೇಕೆ ತೊಂದರೆ" ಎಂದು ಪುಡಿಗೆ ನೀರು ಹಾಕಿ, ಕುಲುಕಿ, ಪುಡಿ ಕರಗಿ ಮಟ್ಟ ಇಳಿದ ಮೇಲೆ ಮತ್ತೆ ಗೆರೆಯವರೆಗೆ ನೀರು ತುಂಬಿ, ಡಬ್ಬಿಯ ಮೇಲೆ ಪೆನ್ನಿನಲ್ಲಿ ದೊಡ್ಡದಾಗಿ 10–0–10 ಎಂದು ಬರೆದರು. ಕಲಸಿದ ಮದ್ದು ಏಳು ದಿನ ಮಾತ್ರ ಬರುತ್ತದೆ, ಈಗ ಎರಡು ಬಾಟಲಿ ಸಾಕು ಎಂದೂ ಹೇಳಿದರು. ಇಷ್ಟು ಕಾಳಜಿಯಿಂದ ಕೊಟ್ಟವರ ಬಾಟಲಿಯನ್ನು ತಿರುಗಿಸಿ ನೋಡಬೇಕೆಂದು ಯಾರಿಗೆ ತಾನೇ ತೋಚುತ್ತದೆ! ನನಗೆ ತೋಚಲಿಲ್ಲ.

ಮೂರು ದಿನ, ಆರು ಹೊತ್ತು, ಒಂದು ಹೊತ್ತೂ ತಪ್ಪಿಸದೆ, ಸಿರಿಂಜಿನಲ್ಲಿ ಅಳೆದು 10 ಮಿ.ಲೀ. ಕೊಟ್ಟೆ. ಪ್ಯಾರಾಸಿಟಮಾಲ್ ಕೊಟ್ಟಾಗ ಜ್ವರ ಇಳಿಯುತ್ತಿತ್ತು, ಅದರ ಪ್ರಭಾವ ಮುಗಿದೊಡನೆ ಮತ್ತೆ ಏರುತ್ತಿತ್ತು. ಅಮಾಕ್ಸಿಸಿಲಿನ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ 48ರಿಂದ 72 ಗಂಟೆಗಳೊಳಗೆ ಜ್ವರ ಮತ್ತು ನೋವು ಇಳಿಮುಖವಾಗಬೇಕು ಎಂದು ಡಾಕ್ಟರ್ ಮೊದಲೇ ಹೇಳಿದ್ದರು. ಇಲ್ಲಿ 72 ಗಂಟೆ ತುಂಬಿತ್ತು; ಮಗು ಗಂಜಿ ತೆಳಿಯನ್ನೂ ನುಂಗುತ್ತಿರಲಿಲ್ಲ.

ಮೂರನೇ ರಾತ್ರಿ ಮೊದಲ ಬಾಟಲಿ ಮುಗಿದಾಗ, ಎರಡನೆಯದನ್ನು ನಾನೇ ಕಲಸಲು ಹೊರಟು ಎಷ್ಟು ನೀರು ಹಾಕಬೇಕೆಂದು ಲೇಬಲ್ ಓದಿದೆ. ಕಲಸಿದ ಪ್ರತಿ 5 ಮಿ.ಲೀ.ನಲ್ಲಿ 125 ಮಿ.ಗ್ರಾಂ. ಎಂದಿತ್ತು. ಚೀಟಿ ತೆಗೆದು ನೋಡಿದೆ: 250. ಕೈ ತಣ್ಣಗಾಯಿತು. ಎರಡನ್ನೂ ದೀಪದ ಕೆಳಗೆ ಹಿಡಿದು ಮತ್ತೆ ಓದಿದೆ, ಮತ್ತೆ ಓದಿದೆ. ನಂತರ ಮೂರನೇ ತರಗತಿಯ ಮಗು ಮಾಡುವ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಮಾಡಿದೆ. ಡಾಕ್ಟರ್ ಬರೆದಂತೆ 10 ಮಿ.ಲೀ. ಎಂದರೆ 500 ಮಿ.ಗ್ರಾಂ., ದಿನಕ್ಕೆ ಎರಡು ಸಲಕ್ಕೆ 1000. ಅದನ್ನು 11 ಕೆ.ಜಿ.ಯಿಂದ ಭಾಗಿಸಿದರೆ ಕಿಲೋಗೆ ಸುಮಾರು 90 ಮಿ.ಗ್ರಾಂ. ನಾನು ಕೊಟ್ಟದ್ದು ಹೊತ್ತಿಗೆ 250, ದಿನಕ್ಕೆ 500, ಕಿಲೋಗೆ ಸುಮಾರು 45. ಮಿ.ಲೀ. ಅಷ್ಟೇ, ಮದ್ದು ಮಾತ್ರ ಅರ್ಧ.

ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹೋಗಿ ನಿಂತೆ. ಅವರ ಉತ್ತರಗಳನ್ನು ಇದ್ದಂತೆಯೇ ಬರೆಯುತ್ತೇನೆ. ಮೊದಲನೆಯದು: "ಕಂಪನಿ ಬೇರೆ ಅಕ್ಕೋರೆ, ಮದ್ದು ಒಂದೇ." ನಾನು ಅಂಕಿ ತೋರಿಸಿದಾಗ: "125 ಸಣ್ಣ ಮಕ್ಕಳದ್ದು, 250 ದೊಡ್ಡ ಮಕ್ಕಳದ್ದು. ನಿಮ್ಮದು ಸಣ್ಣ ಮಗು, ಅದಕ್ಕೇ ಯೋಚಿಸಿ ಕೊಟ್ಟಿದ್ದೇನೆ." ಯೋಚಿಸಿ! ಆ ಅಂಕಿ ಮಗುವಿನ ವಯಸ್ಸನ್ನು ಹೇಳುವುದಿಲ್ಲ, ಒಂದು ಚಮಚೆ ದ್ರವದಲ್ಲಿ ಮದ್ದು ಎಷ್ಟು ದಟ್ಟವಾಗಿದೆ ಎಂಬುದನ್ನು ಹೇಳುತ್ತದೆ ಎಂದೆ. ಆಗ ಬಂದ ಮೂರನೇ ಉತ್ತರವನ್ನು ನಾನು ಇನ್ನೂ ಮರೆತಿಲ್ಲ: "ಕಡಿಮೆ ಹೋದರೆ ಏನಾಗುತ್ತದೆ ಅಕ್ಕೋರೆ? ಹೆಚ್ಚು ಹೋದರೆ ತಾನೇ ಹೆದರಬೇಕು."

ಕಡಿಮೆ ಹೋದರೆ ಏನಾಗುತ್ತದೆ ಎಂಬುದನ್ನು ಅದೇ ದಿನ ಡಾಕ್ಟರ್ ನನಗೆ ವಿವರಿಸಿದರು. ನಡುಗಿವಿಯ ಸೋಂಕಿಗೆ ಕಾರಣವಾಗುವ ಮುಖ್ಯ ಬ್ಯಾಕ್ಟೀರಿಯಾಗಳಲ್ಲಿ ನ್ಯೂಮೋಕಾಕಸ್ ಒಂದು. ಅದರ ಕೆಲವು ತಳಿಗಳು ಪೆನಿಸಿಲಿನ್ ಜಾತಿಯ ಮದ್ದು ಹೋಗಿ ಅಂಟಿಕೊಳ್ಳಬೇಕಾದ ತಮ್ಮ ಪ್ರೋಟೀನುಗಳನ್ನೇ ಬದಲಿಸಿಕೊಂಡಿವೆ. ಅಲ್ಲಿ ಮದ್ದು ಅಂಟಿಕೊಳ್ಳುವುದೇ ಇಲ್ಲವೆಂದಲ್ಲ, ಆದರೆ ಸಡಿಲವಾಗಿ ಅಂಟಿಕೊಳ್ಳುವುದರಿಂದ ಕೀವಿನ ಜಾಗದಲ್ಲಿ ಅದರ ಪ್ರಮಾಣ ಹೆಚ್ಚಾಗಿರಬೇಕು. ಹಾಗಾಗಿ ಹಿಂದೆ ಸಾಮಾನ್ಯವಾಗಿದ್ದ 40–45ರ ಬದಲು ಕಿವಿಗೆ ಕಿಲೋಗೆ ದಿನಕ್ಕೆ 80ರಿಂದ 90 ಮಿ.ಗ್ರಾಂ. ಲೆಕ್ಕ ಹಾಕುತ್ತಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಹತ್ತು ದಿನ ಕೊಡುವುದೂ ವಾಡಿಕೆ. ಅರ್ಧ ಪ್ರಮಾಣದಲ್ಲಿ ಸುಲಭವಾಗಿ ಸಾಯುವ ಬ್ಯಾಕ್ಟೀರಿಯಾ ಸಾಯುತ್ತದೆ, ಗಟ್ಟಿಯಾದದ್ದು ಉಳಿದುಕೊಳ್ಳುತ್ತದೆ.

ಇನ್ನೊಂದು ಮಾತನ್ನೂ ಅವರು ಹೇಳಿದರು, ಅದು ನನ್ನನ್ನು ಹೆಚ್ಚು ಹೆದರಿಸಿತು. ನಾನು ಬಾಟಲಿ ತೋರಿಸದೆ ಮದ್ದು ಹಿಡಿಯಲಿಲ್ಲ ಎಂದಷ್ಟೇ ಹೇಳಿದ್ದರೆ, ಅಮಾಕ್ಸಿಸಿಲಿನ್ ಸೋತಿತೆಂದು ತಿಳಿದು ಅವರು ಕ್ಲಾವುಲನೇಟ್ ಸೇರಿದ ಮದ್ದಿಗೋ ಇಂಜೆಕ್ಷನ್ನಿಗೋ ಹೋಗುತ್ತಿದ್ದರಂತೆ. ಸೋತದ್ದು ಮದ್ದಲ್ಲ, ಅದು ಪೂರ್ತಿಯಾಗಿ ಒಳಗೆ ಹೋಗಿಯೇ ಇರಲಿಲ್ಲ. ಕಿವಿಯ ಹಿಂಭಾಗ ಊದಿಲ್ಲ, ಮಗು ಮಂಕಾಗಿಲ್ಲ ಎಂದು ಪರೀಕ್ಷಿಸಿದ ಮೇಲೆ ಅದೇ ಮದ್ದನ್ನು 250ರ ಬಾಟಲಿಯಲ್ಲಿ ಮುಂದುವರಿಸಿ, ಹತ್ತು ದಿನವನ್ನು ಅಂದಿನಿಂದ ಎಣಿಸಲು ಹೇಳಿದರು. ಕಳೆದುಹೋದ ಅರ್ಧವನ್ನು ತುಂಬಿಸಲು ಒಂದೇ ಹೊತ್ತಿಗೆ ಇಮ್ಮಡಿ ಕೊಡಬಾರದು ಎಂದು ಎರಡು ಸಲ ಒತ್ತಿ ಹೇಳಿದರು, ನನ್ನ ಮುಖದಲ್ಲಿ ಆ ಯೋಚನೆ ಕಂಡಿರಬೇಕು. ಎರಡನೇ ರಾತ್ರಿ ಜ್ವರ ಬರಲಿಲ್ಲ. ಮಲ ಸ್ವಲ್ಪ ತೆಳ್ಳಗಾಯಿತು, ಅಷ್ಟೇ.

ನಾನು ಹೇಳುವುದು ಇಷ್ಟೇ. ಚೀಟಿಯಲ್ಲಿ ಮಿ.ಲೀ. ಒಂದನ್ನೇ ನೋಡಬೇಡಿ, 5 ಮಿ.ಲೀ.ಗೆ ಎಷ್ಟು ಮಿ.ಗ್ರಾಂ. ಎಂಬುದನ್ನು ಅಂಗಡಿಯ ಕಟ್ಟೆಯ ಮುಂದೆ ನಿಂತೇ ಬಾಟಲಿಯೊಂದಿಗೆ ತಾಳೆ ನೋಡಿ, ಅಂಗಡಿಯವರು ಎಷ್ಟೇ ಪರಿಚಿತರಾಗಿರಲಿ. ಎರಡೂ ಬೇರೆಯಾಗಿದ್ದರೆ ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿ. ಕಳೆದ ವರ್ಷದ ಚೀಟಿಯ ಮಿ.ಲೀ.ಯನ್ನು ಈ ವರ್ಷ ಬಳಸಬೇಡಿ, ಮಗುವಿನ ತೂಕ ಅಲ್ಲಿಯೇ ನಿಂತಿರುವುದಿಲ್ಲ.

ಒಡೆಯದ ಆ ಎರಡನೇ ಬಾಟಲಿಯನ್ನು ಹಿಂದಿರುಗಿಸಲು ಹೋದೆ. ಬಿಲ್ ಇದೆಯೇ ಎಂದು ಕೇಳಿದರು. ಬಿಲ್ಲನ್ನು ಅವರು ಕೊಟ್ಟಿರಲೇ ಇಲ್ಲ. "ಇಟ್ಟುಕೊಳ್ಳಿ ಅಕ್ಕೋರೆ," ಎಂದರು, "ಮುಂದಿನ ಸಲ ಶೀತವಾದಾಗ ಬೇಕಾಗುತ್ತದೆ."